ಧಾನ್ಯ ಇದ್ದ ದೇಶದಲ್ಲಿ ಬ್ರೆಡ್ ಕ್ಯೂ: ಝಾರ್ ಎಂಟು ದಿನದಲ್ಲಿ ಬಿದ್ದದ್ದು ಹೇಗೆ?

ಪ್ರಶ್ನೆ: "ರಷ್ಯಾ ಆಗ ಬೇರೆ ದೇಶಗಳಿಗೆಲ್ಲ ಗೋಧಿ ಮಾರ್ತಿತ್ತು ಅಂತಾರೆ. ಹಾಗಿದ್ರೆ ರಾಜಧಾನಿಯಲ್ಲೇ ಬ್ರೆಡ್ ಇಲ್ಲ ಅಂತ ಜನ ಬೀದಿಗೆ ಬಂದಿದ್ದು ಯಾಕೆ? 1905ರಲ್ಲೂ ಝಾರ್ ಯುದ್ಧ ಸೋತಿದ್ದ, ದಂಗೆ ಆಗಿತ್ತು, ಆದ್ರೂ ಉಳಿದ. 1917ರಲ್ಲಿ ಒಂದೇ ವಾರಕ್ಕೆ ಹೇಗೆ ಬಿದ್ದ? ಲೆನಿನ್ ಬೀಳಿಸಿದ ಅಂತ ನಮ್ಮಣ್ಣ ವಾದ ಮಾಡ್ತಾನೆ, ಸರೀನಾ?"

ಲೆನಿನ್ ವಿಷಯ ಮೊದಲು ಮುಗಿಸೋಣ. ರಷ್ಯಾದ ದೊರೆ, ಅಂದರೆ ಝಾರ್ ನಿಕೊಲಸ್, ಬಿದ್ದ ದಿನ ಲೆನಿನ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಿನಲ್ಲಿದ್ದ. ಕ್ರಾಂತಿಯ ಸುದ್ದಿ ಅವನಿಗೂ ಬೇರೆಯವರು ಹೇಳಿಯೇ ಗೊತ್ತಾಯಿತು. ಅವನು ರಾಜಧಾನಿ ಪೆಟ್ರೊಗ್ರಾಡಿಗೆ ಬಂದಿಳಿದದ್ದು ಒಂದು ತಿಂಗಳ ನಂತರ. 1917ರಲ್ಲಿ ನಡೆದದ್ದು ಒಂದು ಕ್ರಾಂತಿಯಲ್ಲ, ಎರಡು. ಅಕ್ಟೋಬರಿನಲ್ಲಿ ಲೆನಿನ್‌ನ ಪಕ್ಷ ಅಧಿಕಾರ ಹಿಡಿಯಿತು ನಿಜ. ಆದರೆ ಆ ಹೊತ್ತಿಗೆ ಸಿಂಹಾಸನ ಖಾಲಿಯಾಗಿ ಏಳೆಂಟು ತಿಂಗಳಾಗಿತ್ತು. ಅದನ್ನು ಖಾಲಿ ಮಾಡಿಸಿದ್ದು ಫೆಬ್ರವರಿಯ ಕ್ರಾಂತಿ. ಅದನ್ನು ಶುರು ಮಾಡಿದವರು ಬಟ್ಟೆ ಗಿರಣಿಯ ಹೆಂಗಸರು, ಮುಗಿಸಿದವರು ಸೈನಿಕರು. ಈ ಮಾತನ್ನು ನಿಮ್ಮ ಅಣ್ಣನಿಗೆ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಚಿಕ್ಕ ವಿಷಯ, ತಾರೀಕಿನದು. ಆಗ ರಷ್ಯಾದಲ್ಲಿ ಹಳೆಯ ಕ್ಯಾಲೆಂಡರ್ ಇತ್ತು, ಅದು ನಮ್ಮದಕ್ಕಿಂತ 13 ದಿನ ಹಿಂದೆ. ಅವರ ಫೆಬ್ರವರಿ 23 ಅಂದರೆ ನಮ್ಮ ಮಾರ್ಚ್ 8. ಇಲ್ಲಿ ನಾನು ಅವರ ತಾರೀಕುಗಳನ್ನೇ ಬಳಸುತ್ತೇನೆ.

ಈಗ ಬ್ರೆಡ್ ವಿಷಯಕ್ಕೆ ಬರೋಣ. ಮೊದಲ ಮಹಾಯುದ್ಧಕ್ಕೆ ಮುಂಚೆ ರಷ್ಯಾ ವರ್ಷಕ್ಕೆ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗೆ ಮಾರುತ್ತಿತ್ತು. ಅದರ ಬಹುಪಾಲು ಹೋಗುತ್ತಿದ್ದದ್ದು ಕಪ್ಪು ಸಮುದ್ರದ ಬಂದರುಗಳಿಂದ. 1914ರಲ್ಲಿ ತುರ್ಕರು ಜರ್ಮನಿಯ ಕಡೆ ಸೇರಿದರು, ಸಮುದ್ರದ ಬಾಗಿಲು ಮುಚ್ಚಿಹೋಯಿತು. ಹೊರಗೆ ಹೋಗಬೇಕಾದ ಧಾನ್ಯವೆಲ್ಲ ದೇಶದೊಳಗೇ ಉಳಿಯಿತು. ಬೆಳೆ ಸ್ವಲ್ಪ ಕಡಿಮೆಯಾಗಿತ್ತು ನಿಜ, ಆದರೆ ಬರಗಾಲವೇನೂ ಬಂದಿರಲಿಲ್ಲ. ಲೆಕ್ಕ ಹಾಕಿದರೆ ಎಲ್ಲರ ಹೊಟ್ಟೆಗೂ ಸಾಕಾಗುವಷ್ಟು ಇತ್ತು. ಆದರೆ ಆ ಧಾನ್ಯ ಇದ್ದ ಕಡೆ ಜನ ಹಸಿದಿರಲಿಲ್ಲ, ಜನ ಹಸಿದಿದ್ದ ಕಡೆ ಧಾನ್ಯ ಇರಲಿಲ್ಲ.

ಧಾನ್ಯ ಇದ್ದದ್ದು ದಕ್ಷಿಣದಲ್ಲಿ, ವೋಲ್ಗಾ ನದಿಯ ಕೆಳಭಾಗದಲ್ಲಿ, ಪಶ್ಚಿಮ ಸೈಬೀರಿಯಾದಲ್ಲಿ. ಪೆಟ್ರೊಗ್ರಾಡ್ ಇದ್ದದ್ದು ದೇಶದ ವಾಯವ್ಯದ ಮೂಲೆಯಲ್ಲಿ, ಬಾಲ್ಟಿಕ್ ಸಮುದ್ರದ ದಡದಲ್ಲಿ. ಸುತ್ತಮುತ್ತ ಜೌಗು ನೆಲ, ಮಣ್ಣು ಫಲವತ್ತಲ್ಲ. ಸುಮಾರು 24 ಲಕ್ಷ ಜನರ ಆ ಊರಿಗೆ ಹಿಟ್ಟಿನಿಂದ ಹಿಡಿದು ಸೌದೆಯವರೆಗೆ ಎಲ್ಲವೂ ಹೊರಗಿಂದಲೇ ಬರಬೇಕಿತ್ತು. ಯುದ್ಧಕ್ಕೆ ಮುಂಚೆ ಅಲ್ಲಿನ ಕಾರ್ಖಾನೆಗಳು ಉರಿಸುತ್ತಿದ್ದದ್ದು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲನ್ನು. ಜರ್ಮನ್ ನೌಕಾಪಡೆ ಬಾಲ್ಟಿಕ್ ಸಮುದ್ರ ಮುಚ್ಚಿದ ಮೇಲೆ ಅದೇ ಕಲ್ಲಿದ್ದಲು ದಕ್ಷಿಣದ ಡಾನ್‌ಬಾಸ್ ಗಣಿಗಳಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ರೈಲಿನಲ್ಲಿ ಬರಬೇಕಾಯಿತು.

ಅಂದರೆ ಸಮುದ್ರ ಹೊರುತ್ತಿದ್ದ ಭಾರವೂ ರೈಲಿನ ತಲೆಗೇ ಬಂತು. ಅದರ ಮೇಲೆ ಸೈನ್ಯದ ಭಾರ. ಒಟ್ಟು ಸುಮಾರು ಒಂದೂವರೆ ಕೋಟಿ ಗಂಡಸರನ್ನು ಯುದ್ಧಕ್ಕೆ ಕರೆದಿದ್ದರು. ಅವರಿಗೆ ಊಟ, ಮದ್ದುಗುಂಡು, ಕುದುರೆಗಳಿಗೆ ಮೇವು, ಎಲ್ಲಕ್ಕೂ ರೈಲಿನಲ್ಲಿ ಮೊದಲ ಜಾಗ. 1915ರಲ್ಲಿ ಪೋಲೆಂಡ್ ಕೈಬಿಟ್ಟು ಸೈನ್ಯ ಹಿಂದೆ ಸರಿದಾಗ ಲಕ್ಷಾಂತರ ನಿರಾಶ್ರಿತರೂ ಒಳನಾಡಿಗೆ ಬಂದರು. ಎಂಜಿನ್ ಕೆಟ್ಟರೆ ರಿಪೇರಿ ಮಾಡುವ ಕಾರ್ಖಾನೆಗಳು ಶೆಲ್ ಮಾಡುತ್ತಿದ್ದವು. 1917ರ ಜನವರಿ, ಫೆಬ್ರವರಿಯ ಚಳಿಗೆ ನೂರಾರು ಎಂಜಿನ್‌ಗಳು ಕೆಟ್ಟು ನಿಂತವು. ಹಳಿಗಳ ಮೇಲೆ ಹಿಮ ಬಿತ್ತು. ತುಂಬಿದ ವ್ಯಾಗನ್‌ಗಳು ದಾರಿಯಲ್ಲೇ ನಿಂತುಬಿಟ್ಟವು.

ಆದರೆ ಎಲ್ಲ ತಪ್ಪನ್ನೂ ರೈಲಿನ ಮೇಲೆ ಹಾಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಉಳಿದ ಅರ್ಧ ರೈತನ ಕಣಜದಲ್ಲಿದೆ.

ಧಾನ್ಯ ಬೆಳೆಯುವ ತಂಬೋವ್ ಪ್ರಾಂತ್ಯದ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೊದಲು ಅವನು ಧಾನ್ಯ ಮಾರಿ ಮೊಳೆ, ನೇಗಿಲ ಗುಳ, ಸೀಮೆಎಣ್ಣೆ, ಬಟ್ಟೆ, ಬೂಟು ತರುತ್ತಿದ್ದ. ಈಗ ಕಾರ್ಖಾನೆಗಳೆಲ್ಲ ಸೈನ್ಯಕ್ಕೆ ದುಡಿಯುತ್ತಿವೆ. ಅಂಗಡಿಯಲ್ಲಿ ಮೊಳೆ ಇಲ್ಲ, ಇದ್ದರೂ ಬೆಲೆ ಕೇಳೋ ಹಾಗಿಲ್ಲ. ಸರ್ಕಾರ ಯುದ್ಧದ ಖರ್ಚಿಗೆ ನೋಟು ಮುದ್ರಿಸುತ್ತಲೇ ಇತ್ತು. ಇನ್ನೊಂದು ಕಡೆ 1914ರಲ್ಲಿ ವೋಡ್ಕಾ ಮಾರಾಟವನ್ನೂ ನಿಲ್ಲಿಸಿತ್ತು. ವೋಡ್ಕಾ ಸರ್ಕಾರದ್ದೇ ವ್ಯಾಪಾರ, ಖಜಾನೆಗೆ ಬರುವ ಹಣದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ಬರುತ್ತಿತ್ತು. ಯುದ್ಧದ ಶುರುವಿನಲ್ಲೇ ಆ ಆದಾಯ ಹೋಯಿತು, ಅದರ ಜಾಗವನ್ನೂ ನೋಟು ತುಂಬಿತು. ನೋಟು ಜಾಸ್ತಿಯಾದಷ್ಟೂ ಅದರ ಬೆಲೆ ಕಡಿಮೆಯಾಗುತ್ತಾ ಹೋಯಿತು.

ಹೀಗಿರುವಾಗ 1916ರ ಸೆಪ್ಟೆಂಬರಿನಲ್ಲಿ ಸರ್ಕಾರ ಧಾನ್ಯಕ್ಕೆ ಎಲ್ಲ ಕಡೆ ನಿಗದಿ ಬೆಲೆ ಗೊತ್ತುಮಾಡಿತು. ಆದರೆ ಮೊಳೆಗೆ, ಬಟ್ಟೆಗೆ, ಬೂಟಿಗೆ ಅಂಥ ಕಟ್ಟುನಿಟ್ಟಿನ ಬೆಲೆ ಇರಲಿಲ್ಲ. ರೈತ ಏನು ಮಾಡಬೇಕು ಹೇಳಿ? ಮಾರಿದರೆ ಸಿಗೋದು ದಿನದಿನಕ್ಕೆ ಸವೆಯುವ ಕಾಗದ. ಮಾರದಿದ್ದರೆ ಕಣಜದಲ್ಲಿ ಕಾಳು ಇರುತ್ತದೆ, ದನಕ್ಕೆ ಹಂದಿಗೆ ಹಾಕಿ ಕೊಬ್ಬಿಸಬಹುದು, ಮುಂದಿನ ವರ್ಷಕ್ಕೂ ಇಡಬಹುದು. ಅವನು ಇಟ್ಟುಕೊಂಡ. ಅದು ದುರಾಸೆ ಅಂತ ನನಗೆ ಅನ್ನಿಸುವುದಿಲ್ಲ. ಮನೆಯ ಗಂಡುಮಗ ಯುದ್ಧದಲ್ಲಿದ್ದಾನೆ, ಕುದುರೆಯನ್ನು ಸೈನ್ಯ ಎಳೆದುಕೊಂಡು ಹೋಗಿದೆ, ಅಂಥವನು ಕೈಲಿರೋ ಕಾಳನ್ನು ಯಾವ ನಂಬಿಕೆಯ ಮೇಲೆ ಕೊಡಬೇಕು? ಆ ವರ್ಷದ ಕೊನೆಗೆ ಕೃಷಿ ಸಚಿವ ರಿಟ್ಟಿಖ್ ಪ್ರಾಂತ್ಯಕ್ಕಿಷ್ಟು, ಹಳ್ಳಿಗಿಷ್ಟು ಅಂತ ಲೆವಿ ಗೊತ್ತುಮಾಡಿದ. ಅಷ್ಟು ಧಾನ್ಯ ಬರಲಿಲ್ಲ.

ಇದರ ಪೆಟ್ಟು ಬಿದ್ದದ್ದು ಪೆಟ್ರೊಗ್ರಾಡಿನ ಹೆಂಗಸರ ಮೇಲೆ. ಗಂಡಂದಿರು ಯುದ್ಧಕ್ಕೆ ಹೋದ ಮೇಲೆ ಗಿರಣಿಗಳಲ್ಲಿ ಅವರೇ ಹೆಚ್ಚಿದ್ದರು. ಪಾಳಿ ಮುಗಿಸಿ ಬಂದು ಬೇಕರಿ ಮುಂದೆ ನಿಲ್ಲಬೇಕು. ಕ್ಯೂಗೆ ಅಲ್ಲಿನ ಜನ 'ಬಾಲ' ಅನ್ನುತ್ತಿದ್ದರು. ಬೆಳಗಿನ ಜಾವ, ಕೆಲವು ಸಲ ಮಧ್ಯರಾತ್ರಿಯಿಂದಲೇ, ಹಿಮದಲ್ಲಿ ಆ ಬಾಲ ಬೆಳೆಯುತ್ತಿತ್ತು. ಒಬ್ಬ ಕೆಲಸಗಾರ್ತಿ ವಾರಕ್ಕೆ ಸುಮಾರು 40 ಗಂಟೆ ಕ್ಯೂಗಳಲ್ಲೇ ಕಳೆಯುತ್ತಿದ್ದಳು ಅಂತ ಅಂದಾಜಿದೆ. ಗಿರಣಿಯ ದುಡಿಮೆ ಬೇರೆ, ಇದು ಬೇರೆ. ಆ ಕ್ಯೂಗಳನ್ನು ಸರಿಯಾಗಿ ಓದಿದವರು ಯಾರು ಗೊತ್ತಾ? ಝಾರ್‌ನ ಗುಪ್ತ ಪೊಲೀಸರು. ಕ್ಯೂನಲ್ಲಿ ನಿಂತು ನಿಂತು ಸೋತ, ಮಕ್ಕಳು ಅರೆಹೊಟ್ಟೆಯಲ್ಲಿರೋದನ್ನು ನೋಡುತ್ತಿರೋ ತಾಯಂದಿರು ವಿರೋಧ ಪಕ್ಷದ ನಾಯಕರಿಗಿಂತ ಕ್ರಾಂತಿಗೆ ಹತ್ತಿರ ಇದ್ದಾರೆ, ಒಂದು ಕಿಡಿ ಸಾಕು ಅಂತ 1917ರ ಶುರುವಿನಲ್ಲೇ ಅವರು ವರದಿ ಬರೆದಿದ್ದರು. ವರದಿ ಮೇಲೆ ಹೋಯಿತು. ಮೇಲಿನವರು ಕದಲಲಿಲ್ಲ.

ಫೆಬ್ರವರಿಯಲ್ಲಿ ಪೆಟ್ರೊಗ್ರಾಡಿನ ಗೋದಾಮುಗಳಲ್ಲಿ ಹಿಟ್ಟು ಪೂರ್ತಿ ಮುಗಿದಿರಲಿಲ್ಲ, ಇದನ್ನು ಗಮನಿಸಬೇಕು. ಕೆಲವು ದಿನಕ್ಕೆ ಆಗುವಷ್ಟು ಇತ್ತು. ಆದರೆ ಬ್ರೆಡ್‌ಗೆ ರೇಷನ್ ಕಾರ್ಡ್ ಬರುತ್ತದೆ ಅನ್ನೋ ಸುದ್ದಿ ಹಬ್ಬಿತು. ಜನ ಸಿಕ್ಕಷ್ಟು ಕೊಂಡರು, ಒಣಗಿಸಿ ರಸ್ಕ್ ಮಾಡಿಟ್ಟರು. ಎಷ್ಟೋ ಬೇಕರಿಗಳಲ್ಲಿ ಹಿಟ್ಟಿದ್ದರೂ ಒಲೆಗೆ ಸೌದೆ ಇರಲಿಲ್ಲ. ಊರಿನ ಸೇನಾ ಮುಖ್ಯಸ್ಥ ಜನರಲ್ ಖಬಾಲೊವ್, ಹಿಟ್ಟು ಸಾಕಷ್ಟಿದೆ, ಜನ ರಸ್ಕ್ ಮಾಡಲು ಜಾಸ್ತಿ ಕೊಳ್ಳುತ್ತಿರೋದರಿಂದ ಕೆಲವು ಅಂಗಡಿಗಳಲ್ಲಿ ಕೊರತೆ ಅಂತ ಪ್ರಕಟಣೆ ಹೊರಡಿಸಿದ. ಅವನು ಹೇಳಿದ್ದು ಹೆಚ್ಚುಕಮ್ಮಿ ನಿಜವೇ ಇತ್ತು. ಆದರೆ ಸರ್ಕಾರದ ಮಾತನ್ನು ಜನ ನಂಬುವ ಕಾಲ ಮುಗಿದಿತ್ತು.

ಆ ನಂಬಿಕೆ ಯಾಕೆ ಹೋಗಿತ್ತು ಅಂತ ತಿಳಿಯಲು 1905ಕ್ಕೆ ಹೋಗಬೇಕು. ನಿಮ್ಮ ಪ್ರಶ್ನೆಯ ತಿರುಳೂ ಅಲ್ಲೇ ಇದೆ.

ಆ ವರ್ಷದ ಜನವರಿಯಲ್ಲಿ ಅರ್ಜಿ ಹಿಡಿದು ಅರಮನೆಯ ಕಡೆ ಹೊರಟ ಕೆಲಸಗಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. ದೇಶವೆಲ್ಲ ಹೊತ್ತಿಕೊಂಡಿತು. ಅಕ್ಟೋಬರಿನ ಹೊತ್ತಿಗೆ ರೈಲು ಮುಷ್ಕರದಿಂದ ಎಲ್ಲವೂ ನಿಂತಾಗ ನಿಕೊಲಸ್ ಒಂದು ಘೋಷಣೆಗೆ ಸಹಿ ಹಾಕಿದ. ಮಾತಾಡುವ, ಸಂಘ ಕಟ್ಟುವ ಹಕ್ಕು ಕೊಡುತ್ತೇನೆ, ಡೂಮಾ ಅನ್ನೋ ಆಯ್ಕೆಯಾದ ಸಂಸತ್ತು ಒಪ್ಪದೆ ಯಾವ ಕಾನೂನೂ ಇಲ್ಲ ಅಂದ. ಓದಿದ ವರ್ಗ, ವ್ಯಾಪಾರಸ್ಥರು, ನಿಧಾನಸ್ಥ ರಾಜಕಾರಣಿಗಳು ಅದನ್ನು ನಂಬಿ ಬೀದಿಯಿಂದ ಹಿಂದೆ ಸರಿದರು. ಒಡಕು ಬಿತ್ತು. ಜಪಾನಿನ ಜೊತೆಗಿನ ಯುದ್ಧವೂ ಆಗಲೇ ಮುಗಿದಿತ್ತು, ಸೈನ್ಯ ಮನೆಗೆ ಬರುತ್ತಿತ್ತು, ಹೇಳಿದ ಮಾತು ಕೇಳುತ್ತಿತ್ತು. ಡಿಸೆಂಬರಿನಲ್ಲಿ ಮಾಸ್ಕೋದ ಕೆಲಸಗಾರರು ಬಂಡೆದ್ದಾಗ ರಾಜಧಾನಿಯಿಂದ ಸೆಮ್ಯೊನೊವ್‌ಸ್ಕಿ ಗಾರ್ಡ್ಸ್ ರೆಜಿಮೆಂಟ್ ಬಂದು ಅವರನ್ನು ಹೊಸಕಿಹಾಕಿತು. ಅಂದರೆ 1905ರಲ್ಲಿ ಝಾರ್ ಕೈಯಲ್ಲಿ ಕೊಡುವುದಕ್ಕೆ ಒಂದು ಮಾತಿತ್ತು, ಹೊಡೆಯುವುದಕ್ಕೆ ಒಂದು ಸೈನ್ಯವಿತ್ತು.

ಮುಂದಿನ ಹನ್ನೆರಡು ವರ್ಷಗಳಲ್ಲಿ ಎರಡನ್ನೂ ಕಳೆದುಕೊಂಡ. ಮಾತು ಹೋದ ಬಗೆ ನೋಡಿ. 1906ರಲ್ಲಿ ಮೊದಲ ಡೂಮಾ ಸೇರಿತು. ಸದಸ್ಯರು ಜಮೀನ್ದಾರರ ಭೂಮಿ ರೈತರಿಗೆ ಬೇಕು ಅಂದರು. ಎರಡೂವರೆ ತಿಂಗಳೊಳಗೆ ಅದನ್ನು ವಿಸರ್ಜಿಸಿದ. ಎರಡನೆಯದನ್ನು 1907ರ ಜೂನಿನಲ್ಲಿ ಮುಚ್ಚಿಸಿ, ಚುನಾವಣೆಯ ಕಾನೂನನ್ನೇ ಬದಲಿಸಿದ. ರೈತರ, ಕೆಲಸಗಾರರ ವೋಟಿನ ಬೆಲೆ ಇಳಿಯಿತು, ಜಮೀನ್ದಾರರದ್ದು ಏರಿತು. ಡೂಮಾ ಒಪ್ಪದೆ ಕಾನೂನಿಲ್ಲ ಅಂದವನು ಡೂಮಾವನ್ನು ಕೇಳದೇ ಅದರ ಬುಡವನ್ನು ಬದಲಿಸಿದ್ದ. ಇದನ್ನು ರಷ್ಯಾದ ಜನ ಮರೆಯಲಿಲ್ಲ.

ಪ್ರಧಾನಿ ಸ್ಟೊಲಿಪಿನ್ ಇನ್ನೊಂದು ದಾರಿ ಹಿಡಿದ. ಆಗ ಬಹಳ ಕಡೆ ಹಳ್ಳಿಯ ಭೂಮಿ ಒಬ್ಬೊಬ್ಬರದಲ್ಲ, ಊರ ಸಮುದಾಯದ್ದು. ಊರವರೇ ಆಗಾಗ ಪಟ್ಟಿ ಪಟ್ಟಿಯಾಗಿ ಹಂಚಿಕೊಳ್ಳುತ್ತಿದ್ದರು. ರೈತ ತನ್ನ ಪಾಲನ್ನು ಬಿಡಿಸಿಕೊಂಡು ಒಂದೇ ಕಡೆ ಸ್ವಂತ ಹೊಲ ಮಾಡಿಕೊಳ್ಳಲಿ ಅನ್ನೋದು ಅವನ ಯೋಜನೆ. ಹಾಗೆ ಗಟ್ಟಿಯಾದ ರೈತ ಝಾರ್‌ನ ಕಡೆ ನಿಲ್ಲುತ್ತಾನೆ ಅಂತ ಎಣಿಕೆ. 20 ವರ್ಷ ಶಾಂತಿ ಕೊಡಿ, ರಷ್ಯಾವನ್ನು ಗುರುತು ಹಿಡಿಯಲಾರಿರಿ ಅನ್ನುತ್ತಿದ್ದ. ಅವನಿಗೆ ಸಿಕ್ಕಿದ್ದು ಐದು ವರ್ಷ. 1911ರಲ್ಲಿ ಕೀವ್ ನಗರದ ನಾಟಕಶಾಲೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಯುದ್ಧ ಶುರುವಾಗುವ ಹೊತ್ತಿಗೆ ಹೆಚ್ಚಿನ ರೈತರು ಹಳೆಯ ಸಮುದಾಯದಲ್ಲೇ ಇದ್ದರು. ನನ್ನ ಅಭಿಪ್ರಾಯ ಕೇಳಿದರೆ, ಕಾಲ ಸಿಕ್ಕಿದ್ದರೂ ಒಂದು ಕೊರತೆ ಉಳಿಯುತ್ತಿತ್ತು. ರೈತ ಕೇಳುತ್ತಿದ್ದದ್ದು ಜಮೀನ್ದಾರನ ಭೂಮಿ. ಸ್ಟೊಲಿಪಿನ್ ಅದನ್ನು ಮುಟ್ಟಲಿಲ್ಲ, ರೈತನದ್ದನ್ನೇ ರೈತರ ನಡುವೆ ಬೇರೆ ಥರ ಹಂಚಲು ಹೊರಟ.

ಸೈನ್ಯ ಹೋದದ್ದು ಯುದ್ಧಭೂಮಿಯಲ್ಲಿ. ಝಾರ್‌ಗೆ ನಿಷ್ಠರಾಗಿದ್ದ ಹಳೆಯ ಅಧಿಕಾರಿಗಳು, ಪಳಗಿದ ಸೈನಿಕರು ಮೊದಲ ಎರಡು ವರ್ಷದಲ್ಲೇ ದೊಡ್ಡ ಸಂಖ್ಯೆಯಲ್ಲಿ ಸತ್ತರು. 1915ರಲ್ಲಿ ಸೋಲಿನ ಮೇಲೆ ಸೋಲು ಬಂದಾಗ ನಿಕೊಲಸ್ ಸೇನೆಯ ಮುಖ್ಯಸ್ಥನ ಸ್ಥಾನವನ್ನು ತಾನೇ ವಹಿಸಿಕೊಂಡ. ಬೇಡ ಅಂತ ಸಚಿವರು ಬೇಡಿಕೊಂಡರು. ಕೇಳಲಿಲ್ಲ. ಅಂದಿನಿಂದ ಪ್ರತಿ ಸೋಲೂ ಅವನ ಹೆಸರಿಗೇ ಅಂಟಿತು. ಅವನು ದೂರದ ಮೊಗಿಲ್ಯೊವ್‌ನ ಸೇನಾ ಕೇಂದ್ರದಲ್ಲಿದ್ದರೆ, ರಾಜಧಾನಿಯಲ್ಲಿ ರಾಣಿ ಅಲೆಕ್ಸಾಂಡ್ರಾ ಮತ್ತು ಅವಳು ನಂಬಿದ್ದ ಸಾಧು ರಾಸ್ಪುಟಿನ್ ಮಾತಿಗೆ ಸಚಿವರು ಬದಲಾಗುತ್ತಿದ್ದರು. 1916ರ ಒಂದೇ ವರ್ಷದಲ್ಲಿ ಪ್ರಧಾನಿಯ ಕುರ್ಚಿಯಲ್ಲಿ ನಾಲ್ವರು ಕೂತರು. ಜನ ನಂಬುವಂಥ ಮಂತ್ರಿಮಂಡಲ ಕೊಡಿ, ನಾವು ಜೊತೆಗಿರುತ್ತೇವೆ ಅಂತ ಡೂಮಾದ ಹೆಚ್ಚಿನ ಸದಸ್ಯರು ಒಟ್ಟಾಗಿ ಕೇಳಿದ್ದರು. ಅದಕ್ಕೆ ಉತ್ತರವಾಗಿ ಡೂಮಾದ ಅಧಿವೇಶನವನ್ನೇ ನಿಲ್ಲಿಸಿದ. ಉಳಿದಿದ್ದ ಕೊನೆಯ ಬಾಗಿಲನ್ನು ಅವನು ತಾನೇ ಮುಚ್ಚಿದ ಗಳಿಗೆ ಅದು ಅಂತ ನಾನು ತಿಳಿಯುತ್ತೇನೆ.

ಈಗ ಆ ಎಂಟು ದಿನಗಳು. ಫೆಬ್ರವರಿ 23, ಮಹಿಳಾ ದಿನ. ನಾವು ಮಾರ್ಚ್ 8ರಂದು ಆಚರಿಸುತ್ತೇವಲ್ಲ, ಅದೇ. ವೀಬೊರ್ಗ್ ಅನ್ನೋ ಕಾರ್ಖಾನೆಗಳ ಬಡಾವಣೆಯಲ್ಲಿ ಬಟ್ಟೆ ಗಿರಣಿಯ ಹೆಂಗಸರು ಮಗ್ಗ ನಿಲ್ಲಿಸಿ ಹೊರಗೆ ಬಂದರು. ನಾಳೆ ಮುಷ್ಕರ ಬೇಡ ಅಂತ ಹಿಂದಿನ ದಿನ ಲೆನಿನ್‌ನ ಪಕ್ಷದವರಾದ ಅಲ್ಲಿನ ಬೊಲ್ಶೆವಿಕ್ ಸಂಘಟಕರೇ ಅವರಿಗೆ ಹೇಳಿದ್ದರು. ಅವರು ಕೇಳಲಿಲ್ಲ. ಲೋಹದ ಕಾರ್ಖಾನೆಗಳ ಮುಂದೆ ಹೋಗಿ, ಕಿಟಕಿಗಳಿಗೆ ಹಿಮದುಂಡೆ ಎಸೆದು, ಗಂಡಸರನ್ನು ಹೊರಗೆ ಕರೆದರು. ಹಿಂದಿನ ದಿನವಷ್ಟೇ ದೊಡ್ಡ ಪುತಿಲೊವ್ ಕಾರ್ಖಾನೆ ಲಾಕೌಟ್ ಆಗಿತ್ತು, ಸಾವಿರಾರು ಜನ ಬೀದಿಯಲ್ಲೇ ಇದ್ದರು. ಪೊಲೀಸರು ಸೇತುವೆಗಳಿಗೆ ಅಡ್ಡ ನಿಂತರೆ ಜನ ಹೆಪ್ಪುಗಟ್ಟಿದ ನೇವಾ ನದಿಯ ಮೇಲೇ ನಡೆದು ಊರಿನ ನಡುಭಾಗಕ್ಕೆ ಬಂದರು. ಮೂರನೇ ದಿನಕ್ಕೆ ಇಡೀ ಊರೇ ಮುಷ್ಕರದಲ್ಲಿತ್ತು. 'ಬ್ರೆಡ್ ಕೊಡಿ' ಅನ್ನೋ ಕೂಗಿನ ಜೊತೆ 'ಯುದ್ಧ ಸಾಕು', 'ಝಾರ್ ಆಳ್ವಿಕೆ ಸಾಕು' ಅನ್ನೋದೂ ಸೇರಿತು.

ರಾಣಿ ಗಂಡನಿಗೆ ಪತ್ರ ಬರೆದಳು: ಇದು ಪುಂಡ ಹುಡುಗರ ಗಲಾಟೆ, ಚಳಿ ಜಾಸ್ತಿ ಇದ್ದಿದ್ದರೆ ಇವರೆಲ್ಲ ಮನೇಲೇ ಇರುತ್ತಿದ್ದರು ಅಂತ. 25ರ ಸಂಜೆ ಝಾರ್‌ನಿಂದ ಖಬಾಲೊವ್‌ಗೆ ತಂತಿ ಬಂತು. ರಾಜಧಾನಿಯ ಗಲಭೆ ನಾಳೆಯೇ ನಿಲ್ಲಬೇಕು ಅನ್ನೋದು ಅದರ ಆಜ್ಞೆ. 'ನಾಳೆ' ಅಂದರೆ ಗುಂಡು ಹಾರಿಸದೆ ಬೇರೆ ದಾರಿ ಇಲ್ಲ.

26, ಭಾನುವಾರ. ಝ್ನಾಮೆನ್‌ಸ್ಕಯಾ ಚೌಕದಲ್ಲಿ ವೊಲಿನ್‌ಸ್ಕಿ ರೆಜಿಮೆಂಟಿನ ತರಬೇತಿ ತುಕಡಿ ಜನರ ಮೇಲೆ ಗುಂಡು ಹಾರಿಸಿತು. ಹತ್ತಾರು ಜನ ಸತ್ತರು. ಆ ಸಂಜೆ ಸರ್ಕಾರ ಗೆದ್ದ ಹಾಗೇ ಕಾಣುತ್ತಿತ್ತು.

ಆದರೆ ಗುಂಡು ಹಾರಿಸಿದವರು ಯಾರು? ರಾಜಧಾನಿಯ ಬ್ಯಾರಕ್‌ಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ತುಂಬಿದ್ದರು. ರೆಜಿಮೆಂಟುಗಳಿಗೆ ಹಳೆಯ ಹೆಸರು, ಒಳಗಿರುವವರು ಮಾತ್ರ ಹೊಸಬರು. ನಿನ್ನೆ ಮೊನ್ನೆ ಹಳ್ಳಿಯಿಂದ ಬಂದ ಹುಡುಗರು, ಗಾಯ ವಾಸಿಯಾಗಿ ಮತ್ತೆ ಯುದ್ಧಕ್ಕೆ ಹೋಗಲು ಕಾಯುತ್ತಿದ್ದವರು, ಊರಿನ ಕೆಲಸಗಾರರು. ಕ್ಯೂನಲ್ಲಿ ನಿಂತವರು ಅವರಂಥವರ ತಾಯಿ, ಹೆಂಡತಿ, ಅಕ್ಕತಂಗಿಯರು. ಆ ರಾತ್ರಿ ವೊಲಿನ್‌ಸ್ಕಿ ಬ್ಯಾರಕ್‌ನಲ್ಲಿ ತಿಮೊಫೇ ಕಿರ್ಪಿಚ್ನಿಕೊವ್ ಅನ್ನೋ ಸಾರ್ಜೆಂಟ್ ಜೊತೆಯವರನ್ನು ಕೂರಿಸಿಕೊಂಡು ಮಾತಾಡಿದ. ಚೌಕದಲ್ಲಿ ಅವನೂ ಇದ್ದ, ಎಲ್ಲ ನೋಡಿದ್ದ. ನಾಳೆ ನಾವು ಗುಂಡು ಹಾರಿಸೋದಿಲ್ಲ ಅಂತ ಅವರು ಒಪ್ಪಿಕೊಂಡರು. 27ರ ಬೆಳಗ್ಗೆ ಅಧಿಕಾರಿ ಲಷ್ಕೆವಿಚ್ ಬಂದು ಝಾರ್‌ನ ಆಜ್ಞೆ ಓದಿದಾಗ ಸಾಲಿನಲ್ಲಿ ನಿಂತವರು ಕೂಗೆಬ್ಬಿಸಿದರು. ಅವನು ಅಂಗಳ ದಾಟುತ್ತಿದ್ದಾಗ ಗುಂಡು ಬಿತ್ತು, ಅಲ್ಲೇ ಸತ್ತ. ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ಹೋದರೆ ಎಲ್ಲರಿಗೂ ಗಲ್ಲು. ಹಾಗಾಗಿ ಅವರು ಪಕ್ಕದ ರೆಜಿಮೆಂಟುಗಳ ಬ್ಯಾರಕ್‌ಗಳಿಗೆ ಓಡಿದರು. ಸಂಜೆಯೊಳಗೆ ಹತ್ತಾರು ಸಾವಿರ ಸೈನಿಕರು ಜನರ ಕಡೆ ಸೇರಿದ್ದರು.

ಅದೇ ಸಂಜೆ ಖಬಾಲೊವ್ ಊರಿನಲ್ಲಿ ಸೇನಾಡಳಿತ ಘೋಷಿಸಬೇಕಿತ್ತು. ಹೇಗೋ ಪೋಸ್ಟರ್ ಅಚ್ಚಾಯಿತು. ಅಂಟಿಸಲು ಗೋಂದೂ ಇರಲಿಲ್ಲ, ಬ್ರಷ್ಷೂ ಇರಲಿಲ್ಲ. ಒಂದಷ್ಟನ್ನು ಉದ್ಯಾನದ ಬೇಲಿಗೆ ಸಿಕ್ಕಿಸಿದರು, ಅವೂ ಗಾಳಿಗೆ ಹಾರಿಹೋದವು. ಈ ವಿಷಯ ಓದಿದಾಗೆಲ್ಲ ನನಗೆ ಮೈ ಝುಂ ಅನ್ನುತ್ತದೆ. ಮುನ್ನೂರು ವರ್ಷದ ರಾಜವಂಶದ ಆಜ್ಞೆಯನ್ನು ಗೋಡೆಗೆ ಹಚ್ಚಲು ಅವತ್ತು ರಾಜಧಾನಿಯಲ್ಲಿ ಯಾರೂ ಸಿಗಲಿಲ್ಲ.

ಕೊನೆಯ ಪೆಟ್ಟು ಕೊಟ್ಟದ್ದು ಜನರಲ್‌ಗಳು. ಝಾರ್ ರೈಲು ಹತ್ತಿ ರಾಜಧಾನಿಗೆ ಹೊರಟ. ಮುಂದಿನ ನಿಲ್ದಾಣಗಳು ದಂಗೆಕೋರರ ಕೈಯಲ್ಲಿವೆ ಅಂತ ತಿಳಿದು ರೈಲು ಮಲಾಯಾ ವಿಷೆರಾದಿಂದ ಹಿಂದೆ ತಿರುಗಿತು, ಮಾರ್ಚ್ 1ರ ಸಂಜೆ ಪ್ಸ್ಕೊವ್ ಊರಿಗೆ ಹೋಗಿ ನಿಂತಿತು. ಮಾರನೇ ದಿನ ಸೇನಾ ಕೇಂದ್ರದ ಜನರಲ್ ಅಲೆಕ್ಸೆಯೆವ್ ಎಲ್ಲ ರಣರಂಗಗಳ ಮುಖ್ಯಸ್ಥರಿಗೂ ತಂತಿ ಕಳಿಸಿ ಅಭಿಪ್ರಾಯ ಕೇಳಿದ. ಇಳಿಯುವುದೇ ಒಳ್ಳೆಯದು ಅಂತ ಒಬ್ಬೊಬ್ಬರಾಗಿ ಬರೆದರು. ಬರೆದವರಲ್ಲಿ ಝಾರ್‌ನ ಬಂಧುವೇ ಆದ ಗ್ರಾಂಡ್ ಡ್ಯೂಕ್ ನಿಕೊಲಾಯ್ ಕೂಡ ಇದ್ದ. ಅವರು ಕ್ರಾಂತಿಕಾರಿಗಳಲ್ಲ. ಸೈನಿಕರ ಊಟ ಬರುವ ರೈಲು ದಾರಿಗಳು ನಿಂತರೆ ಯುದ್ಧವೂ ಕೈತಪ್ಪುತ್ತದೆ ಅನ್ನೋ ಭಯ ಅವರದ್ದು. ಯುದ್ಧ ಉಳಿಸಿಕೊಳ್ಳಲು ಝಾರ್‌ನನ್ನು ಬಿಟ್ಟರು. ಮಾರ್ಚ್ 2ರ ರಾತ್ರಿ ನಿಕೊಲಸ್ ಸಹಿ ಹಾಕಿದ. ಸುತ್ತಲೂ ದ್ರೋಹ, ಹೇಡಿತನ, ಮೋಸ ಅಂತ ಡೈರಿಯಲ್ಲಿ ಬರೆದ. ಸಿಂಹಾಸನವನ್ನು ತಮ್ಮ ಮಿಖಾಯಿಲ್‌ಗೆ ಬಿಟ್ಟುಕೊಟ್ಟಿದ್ದ. ಮಾರನೇ ದಿನ ಅವನೂ ಬೇಡ ಅಂದ.

ಇಷ್ಟಾದರೂ ಬೇಕರಿ ಮುಂದಿನ ಬಾಲ ಚಿಕ್ಕದಾಗಲಿಲ್ಲ. ಹೊಸ ತಾತ್ಕಾಲಿಕ ಸರ್ಕಾರ ಮಾರ್ಚ್ ತಿಂಗಳಲ್ಲೇ ಧಾನ್ಯವೆಲ್ಲ ಸರ್ಕಾರದ್ದು, ನಿಗದಿ ಬೆಲೆಗೆ ಕೊಡಬೇಕು ಅಂತ ಕಾನೂನು ಮಾಡಿತು. ರೈತನ ಅಂಗಡಿಗೆ ಮೊಳೆ, ಬಟ್ಟೆ ಆಗಲೂ ಬರಲಿಲ್ಲ. ಯುದ್ಧ ಮುಂದುವರಿಯಿತು, ನೋಟು ಮುದ್ರಣವೂ ಮುಂದುವರಿಯಿತು, ಜಮೀನ್ದಾರರ ಭೂಮಿಯ ಪ್ರಶ್ನೆಯನ್ನು ಮುಂದೆ ನೋಡೋಣ ಅಂದರು. ಯುದ್ಧ ನಿಲ್ಲಿಸುತ್ತೇವೆ, ಭೂಮಿ ಕೊಡುತ್ತೇವೆ, ಬ್ರೆಡ್ ಕೊಡುತ್ತೇವೆ ಅಂತ ಹೇಳುತ್ತಾ ಲೆನಿನ್ ಬಂದದ್ದು ಈ ಹೊತ್ತಿನಲ್ಲಿ. ನಿಮ್ಮ ಅಣ್ಣ ಹೇಳುವ ಕಥೆ ಶುರುವಾಗೋದು ಅಲ್ಲಿಂದ.